ಡಬ್ಬಾದ ದರ 100ರಿಂದ 115: ಗಿರಾಕಿಗಳಿಗೆ ಹೇಳುವುದು ಹೇಗೆ?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಾ ಕೊಡುತ್ತೇನೆ. ಉಡುಪಿ ಕಡೆಯ ಅಡುಗೆ, 60 ಗಿರಾಕಿಗಳು, ತಿಂಗಳಿಗೆ 26 ದಿನ, 2,600 ರೂಪಾಯಿ. ಮೂರು ವರ್ಷದಿಂದ ದರ ಏರಿಸಿಲ್ಲ, ಈಗ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಖರ್ಚಿನ ಪಟ್ಟಿ ಜೊತೆಗಿಟ್ಟಿದ್ದೇನೆ. ನಮ್ಮವರು ಹೋಟೆಲಿನ ಗಲ್ಲೆಯಲ್ಲಿ ಕೂತು ಅಭ್ಯಾಸವಿರುವವರು, ‘ಒಂದನೇ ತಾರೀಕಿನಿಂದ ಹೊಸ ದರ ಅಂತ ಹೇಳಿಬಿಡು’ ಎನ್ನುತ್ತಾರೆ. ಪಕ್ಕದ ಬಿಲ್ಡಿಂಗಿನ ಮೆಸ್‌ನವರು ‘ದರ ಮುಟ್ಟಬೇಡ, ಒಂದು ಚಪಾತಿ ಕಡಿಮೆ ಮಾಡು, ಯಾರೂ ಕೇಳುವುದಿಲ್ಲ’ ಎಂದರು. 14 ಜನ ಮಾರ್ಚ್‌ವರೆಗಿನ ಹಣವನ್ನು ಈ ಜನವರಿಯಲ್ಲೇ ಕೊಟ್ಟಿದ್ದಾರೆ. ನಾಲ್ಕು ಮನೆಗಳಲ್ಲಿ ವಯಸ್ಸಾದವರೇ ಇರುವುದು. ದರ ಏರಿಸಿದರೆ ಅರ್ಧ ಜನ ಬಿಟ್ಟು ಹೋದರೆ ಏನು ಮಾಡಲಿ, ಅವರಿಗೆ ಹೇಗೆ ಹೇಳಲಿ?

ಉತ್ತರ: ಗಿರಾಕಿಗೆ ಬರೆಯುವ ಪತ್ರಕ್ಕಿಂತ ಮೊದಲು ನಿಮ್ಮ ಲೆಕ್ಕವನ್ನು ನೋಡೋಣ, ಏಕೆಂದರೆ ಎಷ್ಟು ಏರಿಸಬೇಕು ಮತ್ತು ಎಷ್ಟು ಜನ ಬಿಟ್ಟರೂ ತಡೆದುಕೊಳ್ಳಬಹುದು ಎಂಬುದು ಖಚಿತವಾಗದೆ ಬರೆದ ಪತ್ರದಲ್ಲಿ ಅಳುಕು ಎದ್ದು ಕಾಣುತ್ತದೆ, ಆ ಅಳುಕು ಕಂಡವರು ಚೌಕಾಸಿಗೆ ಇಳಿಯುತ್ತಾರೆ. ಮುಂಬೈ ಸುತ್ತಮುತ್ತ ಸಣ್ಣ ಖಾನಾವಳಿ ಮತ್ತು ಡಬ್ಬಾ ನಡೆಸುವವರ ಲೆಕ್ಕಪತ್ರ ನೋಡುವುದೇ ನನ್ನ ಕಸುಬಾದ್ದರಿಂದ, ನೀವು ಕಳುಹಿಸಿದಂಥ ಪಟ್ಟಿಗಳು ನನಗೆ ಹೊಸದಲ್ಲ. ಆದರೆ ನಿಮ್ಮ ಪಟ್ಟಿ ಅವುಗಳಲ್ಲಿ ಹೆಚ್ಚಿನವುಗಳಿಗಿಂತ ಪ್ರಾಮಾಣಿಕವಾಗಿದೆ. ಗ್ಯಾಸನ್ನು ನೀವು ಮನೆಯ ಸಿಲಿಂಡರಿನ ದರಕ್ಕೆ ಹಿಡಿಯದೆ 19 ಕೆ.ಜಿ.ಯ ಕಮರ್ಷಿಯಲ್ ಸಿಲಿಂಡರಿನ ದರಕ್ಕೇ ಹಿಡಿದಿದ್ದೀರಿ.

ನಿಮ್ಮ ಪಟ್ಟಿಯ ಪ್ರಕಾರ ಒಂದು ಡಬ್ಬಾಕ್ಕೆ ನಾಲ್ಕು ಚಪಾತಿಗೆ 16, ಅನ್ನಕ್ಕೆ 9, ಸಾರು ಅಥವಾ ಹುಳಿಗೆ 12, ಎರಡು ಪಲ್ಯಕ್ಕೆ 24, ಮೊಸರಿಗೆ 6, ಗ್ಯಾಸಿಗೆ 6, ಚೀಲ ಮತ್ತು ತೊಳೆಯುವ ಸಾಮಾನು ಸೇರಿ ಇತರೆ 6, ಒಟ್ಟು 79 ರೂಪಾಯಿ ಬೀಳುತ್ತದೆ. ದರ 100 ಆಗಿರುವುದರಿಂದ ಡಬ್ಬಾ ಒಂದಕ್ಕೆ 21 ರೂಪಾಯಿ ಉಳಿಯುತ್ತದೆ, ತಿಂಗಳ 26 ದಿನಕ್ಕೆ ಒಬ್ಬ ಗಿರಾಕಿಯಿಂದ 546, 60 ಜನರಿಂದ 32,760. ಇದರಲ್ಲಿ ಅಡುಗೆಗೆ ಸಹಾಯ ಮಾಡುವವರಿಗೆ 12,000, ಡಬ್ಬಾ ತಲುಪಿಸುವ ಹುಡುಗನಿಗೆ 9,000, ಕರೆಂಟು, ನೀರು, ಫೋನಿಗೆ 3,500 ಹೋದರೆ ಕೊನೆಗೆ ಉಳಿಯುವುದು 8,260. ಬೆಳಗಿನ ಐದು ಗಂಟೆಯಿಂದ ನೀವಿಬ್ಬರೂ ದುಡಿಯುವುದಕ್ಕೆ ಸಿಗುವ ಕೂಲಿ ಅಷ್ಟೇ. ನಿಮ್ಮ ಸಹಾಯಕಿಯ ಸಂಬಳ ಅದಕ್ಕಿಂತ ಹೆಚ್ಚು.

ಈಗ ದರವನ್ನು 115ಕ್ಕೆ, ಅಂದರೆ ತಿಂಗಳಿಗೆ 2,990ಕ್ಕೆ ಏರಿಸಿದರೆ ಡಬ್ಬಾ ಒಂದಕ್ಕೆ ಉಳಿಯುವುದು 36 ರೂಪಾಯಿ, ಒಬ್ಬ ಗಿರಾಕಿಯಿಂದ ತಿಂಗಳಿಗೆ 936. ಈಗ 60 ಜನರಿಂದ ಬರುತ್ತಿರುವ 32,760 ರೂಪಾಯಿ ಉಳಿಕೆಯನ್ನು ಹೊಸ ದರದಲ್ಲಿ ಎಷ್ಟು ಜನ ತರುತ್ತಾರೆ ಎಂದು ಭಾಗಿಸಿ ನೋಡಿ: 35 ಜನ. 25 ಗಿರಾಕಿಗಳು ಬಿಟ್ಟು ಹೋದರೂ ನೀವು ಇವತ್ತು ಎಲ್ಲಿದ್ದೀರೋ ಅಲ್ಲೇ ಇರುತ್ತೀರಿ, ಅದೂ ಕಡಿಮೆ ಚಪಾತಿ ಲಟ್ಟಿಸಿ. ‘ದರ ಏರಿಸಿದರೆ ವ್ಯಾಪಾರವೇ ಮುಳುಗುತ್ತದೆ’ ಎಂಬ ಮಾತು ಎಲ್ಲೆಡೆ ಕೇಳುತ್ತದೆಯಾದರೂ ಉಳಿಕೆ ತೀರಾ ತೆಳುವಾಗಿರುವ ಕಡೆ ಅದು ನಿಜವಲ್ಲ. ಉಳಿಕೆ ತೆಳುವಾಗಿದ್ದಷ್ಟೂ ಏರಿಕೆಯ ಒಂದೊಂದು ರೂಪಾಯಿಗೂ ಬಲ ಹೆಚ್ಚು, ಕಳೆದುಕೊಳ್ಳಬಹುದಾದ ಗಿರಾಕಿಗಳ ಸಂಖ್ಯೆಯೂ ಹೆಚ್ಚು. ನನ್ನ ಅಂದಾಜಿನಲ್ಲಿ, ಕ್ರಮವಾಗಿ ತಿಳಿಸಿದರೆ ನಿಮ್ಮಲ್ಲಿ ಆರೇಳು ಜನ ಬಿಡಬಹುದು. 54 ಜನ ಉಳಿದರೆ 50,544 ಬರುತ್ತದೆ, ಮೇಲುಖರ್ಚು ಕಳೆದು ನಿಮ್ಮ ಕೈಗೆ 26,044.

ಇಲ್ಲಿ ಒಂದು ಮಾತನ್ನು ನಡುವೆ ಹೇಳಿಬಿಡಬೇಕು, ಏಕೆಂದರೆ ದರ ಏರಿಸುವ ಉತ್ಸಾಹದಲ್ಲಿ ಬಹಳ ಜನ ಇದನ್ನು ಮರೆಯುತ್ತಾರೆ. ಈಗ ನಿಮ್ಮ ವರ್ಷದ ವಹಿವಾಟು 18,72,000 ರೂಪಾಯಿ. ಸೇವೆ ಕೊಡುವವರಿಗೆ ಮಹಾರಾಷ್ಟ್ರದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ 20 ಲಕ್ಷ, ಡಬ್ಬಾ ಮತ್ತು ಮೆಸ್‌ಗಳ ಊಟ ಸೇವೆಯ ಲೆಕ್ಕಕ್ಕೇ ಬರುತ್ತದೆ. ಹೊಸ ದರದಲ್ಲಿ 60 ಜನರೂ ಉಳಿದರೆ ವಹಿವಾಟು 21,52,800 ಆಗಿ ಮಿತಿ ದಾಟುತ್ತದೆ, 55 ಜನರಾದರೆ 19,73,400ಕ್ಕೆ ನಿಲ್ಲುತ್ತದೆ. ದಾಟಿದರೆ ನೋಂದಣಿ ಮಾಡಿಸಿ ಶೇಕಡಾ 5ರಂತೆ ತೆರಿಗೆ ಕಟ್ಟಬೇಕು. ಸಣ್ಣ ವ್ಯಾಪಾರಿಗಳಿಗಾಗಿ ಇರುವ ಕಾಂಪೊಸಿಷನ್ ಪದ್ಧತಿಯಲ್ಲಿ ಅದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲವಾದ್ದರಿಂದ ನಿಮ್ಮ 36 ರೂಪಾಯಿ ಉಳಿಕೆಯಲ್ಲಿ 5 ರೂಪಾಯಿ 75 ಪೈಸೆ ಕಡಿತವಾಗುತ್ತದೆ. ಆದ್ದರಿಂದ ಏಪ್ರಿಲ್‌ನಿಂದ ಪ್ರತಿ ತಿಂಗಳ ವಹಿವಾಟನ್ನು ಕೂಡಿಸುತ್ತಾ ಬನ್ನಿ, ಮಿತಿಯ ಹತ್ತಿರ ಬಂದಾಗ ನಿಮ್ಮ ತೆರಿಗೆ ಸಲಹೆಗಾರರನ್ನು ಕಾಣಿ. ನೋಂದಣಿ ಇಲ್ಲದಿರುವಾಗ ಬಿಲ್ಲಿನಲ್ಲಾಗಲಿ ಪತ್ರದಲ್ಲಾಗಲಿ ‘ತೆರಿಗೆ’ ಎಂಬ ಮಾತೇ ಬರಬಾರದು, ಏಕೆಂದರೆ ನೋಂದಣಿ ಇಲ್ಲದವರು ತೆರಿಗೆಯ ಹೆಸರಿನಲ್ಲಿ ಹಣ ಪಡೆಯುವುದು ಕಾನೂನಿಗೆ ವಿರುದ್ಧ.

ಇನ್ನು ನಿಮಗೆ ಬಂದಿರುವ ಎರಡು ಸಲಹೆಗಳ ವಿಚಾರ. ನಿಮ್ಮ ಯಜಮಾನರ ಮಾತು ಹೋಟೆಲಿಗೆ ಸರಿಯಾಗಿಯೇ ಇದೆ. ಹೋಟೆಲಿಗೆ ಬಂದವನು ಗೋಡೆಯ ಮೇಲಿನ ದರ ನೋಡಿ, ಒಪ್ಪಿಗೆಯಾದರೆ ಕೂರುತ್ತಾನೆ, ಇಲ್ಲವಾದರೆ ಎದುರಿನ ಹೋಟೆಲಿಗೆ ಹೋಗುತ್ತಾನೆ. ಒಂದು ಊಟಕ್ಕೆ ಒಂದು ನಿರ್ಧಾರ. ಡಬ್ಬಾದ ಗಿರಾಕಿ ಹಾಗಲ್ಲ, ಅವನು ತಿಂಗಳಿಗೊಮ್ಮೆ ನಿರ್ಧರಿಸುತ್ತಾನೆ, ಸಂಬಳ ಬಂದ ದಿನವೇ ಬಾಡಿಗೆ, ಸ್ಕೂಲ್ ಫೀ, ಲೋಕಲ್ ಪಾಸಿನ ಜೊತೆಗೆ ನಿಮ್ಮ 2,600ನ್ನೂ ಎತ್ತಿಟ್ಟಿರುತ್ತಾನೆ. ಅಂಥವನಿಗೆ 28ನೇ ತಾರೀಕು ಹೇಳಿ ಒಂದನೇ ತಾರೀಕಿನಿಂದ ಜಾರಿ ಮಾಡಿದರೆ, ಬೇರೆ ಕಡೆ ವಿಚಾರಿಸಲು ಸಮಯವನ್ನೇ ಕೊಡದೆ ಸಿಕ್ಕಿಸಿ ಹಾಕಿದರು ಎನಿಸುತ್ತದೆ. ಆ ತಿಂಗಳು ಹಣ ಕೊಡುತ್ತಾನೆ, ಮುಂದಿನ ತಿಂಗಳಿಗೆ ಬೇರೆ ಡಬ್ಬಾ ಹುಡುಕಿಕೊಂಡಿರುತ್ತಾನೆ. ಮೊದಲ ತಿಂಗಳು ಯಾರೂ ಬಿಡಲಿಲ್ಲವೆಂದು ಸಮಾಧಾನಪಟ್ಟು ಎರಡನೆಯ ತಿಂಗಳು ಕಂಗಾಲಾದವರನ್ನು ನಾನು ಬಹಳ ನೋಡಿದ್ದೇನೆ.

ಪಕ್ಕದ ಮೆಸ್‌ನವರ ಸಲಹೆ ಇದಕ್ಕಿಂತ ಅಪಾಯದ್ದು. ದಿನಕ್ಕೊಂದು ಮೆಸ್ ಬದಲಿಸುವವನಿಗೆ ಮೂರು ಚಪಾತಿಯೋ ನಾಲ್ಕೋ ನೆನಪಿರಲಿಕ್ಕಿಲ್ಲ, ಆದರೆ ಮೂರು ವರ್ಷದಿಂದ ಅದೇ ಸ್ಟೀಲ್ ಡಬ್ಬಾದ ಅದೇ ತಟ್ಟೆಯನ್ನು ತೆರೆಯುತ್ತಿರುವವನಿಗೆ ಮೊದಲ ದಿನವೇ ತಿಳಿಯುತ್ತದೆ. ಪಲ್ಯದಲ್ಲಿ ಆಲೂಗಡ್ಡೆ ಹೆಚ್ಚಾಗಿ ಬೀನ್ಸ್ ಕಡಿಮೆಯಾದದ್ದೂ, ಸಾರು ತೆಳ್ಳಗಾದದ್ದೂ, ವಾರಕ್ಕೆರಡು ಸಲ ಬರುತ್ತಿದ್ದ ಕಾಳುಪಲ್ಯ ಒಂದು ಸಲಕ್ಕೆ ಇಳಿದದ್ದೂ ತಿಳಿಯುತ್ತದೆ. ಅವನು ಅದನ್ನು ನಿಮ್ಮೊಡನೆ ಹೇಳುವುದಿಲ್ಲ, ಏಕೆಂದರೆ ಒಂದು ಚಪಾತಿಗಾಗಿ ಜಗಳವಾಡುವುದು ಯಾರಿಗೂ ಮರ್ಯಾದೆಯ ಕೆಲಸ ಎನಿಸುವುದಿಲ್ಲ. ನಿಮಗೆ ದೂರು ಬರದೇ ಇರುವುದನ್ನು ‘ಯಾರೂ ಗಮನಿಸಲಿಲ್ಲ’ ಎಂದು ಓದಿಕೊಳ್ಳುತ್ತೀರಿ. ದರ ಹೆಚ್ಚಾದದ್ದರ ಬೇಸರ ಎರಡು ಬಿಲ್ಲು ಕಟ್ಟುವಷ್ಟರಲ್ಲಿ ಕಡಿಮೆಯಾಗುತ್ತದೆ, ಅಳತೆಯಲ್ಲಿ ಮೋಸವಾಗಿದೆ ಎಂಬ ಗುಮಾನಿ ಡಬ್ಬಾ ತೆರೆದಾಗಲೆಲ್ಲ ಹೊಸದಾಗುತ್ತದೆ.

ಪ್ರಮಾಣ ಕಡಿಮೆ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಿ, ಆಯ್ಕೆಯಾಗಿ ಕೊಟ್ಟರೆ ನಿಮ್ಮ ಕೈಯಲ್ಲಿರುವ ಅತ್ಯುತ್ತಮ ಉಪಾಯ ಅದೇ. ಹಳೆಯ 2,600 ರೂಪಾಯಿಗೇ ಒಂದು ಚಿಕ್ಕ ಡಬ್ಬಾ ಇಡಿ: ಮೂರು ಚಪಾತಿ, ಎರಡು ಪಲ್ಯ ಮೊದಲಿನಷ್ಟೇ, ಸಾರು, ಸ್ವಲ್ಪ ಕಡಿಮೆ ಅನ್ನ, ಮೊಸರಿಲ್ಲ. ಚಪಾತಿಯಲ್ಲಿ 4, ಮೊಸರಿನಲ್ಲಿ 6, ಅನ್ನದಲ್ಲಿ 3, ಒಟ್ಟು 13 ರೂಪಾಯಿ ಕಡಿಮೆಯಾಗಿ ಅಸಲು 66ಕ್ಕೆ ಇಳಿಯುತ್ತದೆ, ಉಳಿಕೆ 34 ರೂಪಾಯಿ, ದೊಡ್ಡ ಡಬ್ಬಾಕ್ಕಿಂತ ಎರಡೇ ರೂಪಾಯಿ ಕಡಿಮೆ. 15 ಜನ ಚಿಕ್ಕ ಡಬ್ಬಾಕ್ಕೆ ಹೋದರೂ ನಿಮಗೆ ತಿಂಗಳಿಗೆ ಆಗುವ ನಷ್ಟ 780 ರೂಪಾಯಿ. ಹೀಗಾಗಿ ಇದು ದಾನವೂ ಅಲ್ಲ, ತಂತ್ರವೂ ಅಲ್ಲ. ಬಜೆಟ್ ಬಿಗಿಯಿರುವವನಿಗೆ ‘ಇರುವುದು ಅಥವಾ ಹೋಗುವುದು’ ಎಂಬ ಎರಡರ ಬದಲು ಮೂರನೆಯ ದಾರಿ ಸಿಗುತ್ತದೆ. ಪಲ್ಯವನ್ನು ಮಾತ್ರ ಕಡಿಮೆ ಮಾಡಬೇಡಿ, ನಿಮ್ಮಲ್ಲಿಗೆ ಜನ ಬರುವುದು ಪಲ್ಯಕ್ಕಾಗಿ. ಡಬ್ಬಾಗಳು ಅದಲು ಬದಲಾಗದಂತೆ ಚಿಕ್ಕದರ ಹಿಡಿಕೆಗೆ ಬಣ್ಣದ ಟೇಪು ಸುತ್ತಿಸಿ. 2,990 ಕೊಟ್ಟವನ ಮನೆಗೆ ಮೊದಲ ವಾರದಲ್ಲೇ ಚಿಕ್ಕ ಡಬ್ಬಾ ಹೋದರೆ ನಿಮ್ಮ ಪತ್ರವನ್ನು ಅವನು ಮತ್ತೆ ನಂಬುವುದಿಲ್ಲ.

ಇನ್ನೊಂದು ದಾರಿಯನ್ನೂ ಕೆಲವರು ಸೂಚಿಸಬಹುದು: ದರ ಹಾಗೇ ಇರಲಿ, ಬಿಲ್ಲಿನ ಕೆಳಗೆ ಗ್ಯಾಸ್ ಚಾರ್ಜ್ ಎಂದೋ ಸರ್ವಿಸ್ ಎಂದೋ ಒಂದು ಸಾಲು ಸೇರಿಸಿ ಎಂದು. ಹೋಟೆಲುಗಳು ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹೀಗಿರುವಾಗ ಬಿಲ್ಲಿನ ಕೆಳಗಿನ ಸಾಲು ಗಿರಾಕಿಗಳ ಕಣ್ಣಿಗೆ ಮೊದಲೇ ಸಂಶಯದ ವಸ್ತು. ದರವನ್ನು ದರವೆಂದೇ ಏರಿಸಿ.

ಈಗ ಕಾರಣಗಳಿಗೆ ಬರೋಣ, ಏಕೆಂದರೆ ಪತ್ರ ನಿಲ್ಲುವುದು ಅಥವಾ ಬೀಳುವುದು ಇಲ್ಲಿ. ಕಾಹ್ನೆಮನ್, ಕ್ನೆಟ್ಷ್, ಥೇಲರ್ ಎಂಬ ಮೂವರು ಸಂಶೋಧಕರು 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕೆನಡಾದ ಜನರನ್ನು ಕೇಳಿದ್ದರು: ಹಿಮ ಸುರಿದ ಮರುದಿನ ಅಂಗಡಿಯವನು ಹಿಮ ಎತ್ತುವ ಸಲಿಕೆಯ ಬೆಲೆಯನ್ನು 15 ಡಾಲರಿನಿಂದ 20ಕ್ಕೆ ಏರಿಸಿದರೆ ಅದು ನ್ಯಾಯವೇ? 100ಕ್ಕೆ 82 ಮಂದಿ ಅನ್ಯಾಯ ಎಂದರು. ಆದರೆ ಅಂಗಡಿಯವನಿಗೇ ಸಗಟು ದರ ಏರಿ, ಅಷ್ಟನ್ನೇ ಅವನು ಗಿರಾಕಿಗೆ ದಾಟಿಸಿದರೆ ಬಹುಪಾಲು ಜನ ಅದನ್ನು ಒಪ್ಪಿದರು. ನನ್ನ ಅನುಭವದಲ್ಲಿ ಡೊಂಬಿವಲಿಯ ಗಿರಾಕಿಯೂ ಹೀಗೆಯೇ ಯೋಚಿಸುತ್ತಾನೆ. ನಿಮ್ಮ ಖರ್ಚು ಹೆಚ್ಚಾಗಿದೆ ಎಂದರೆ ಒಪ್ಪುತ್ತಾನೆ, ‘ಎಲ್ಲ ಕಡೆ 120 ಇದೆ, ನಾವೂ ಏರಿಸುತ್ತೇವೆ’ ಎಂದರೆ ಕೆರಳುತ್ತಾನೆ. ಮಗಳ ಕಾಲೇಜು, ಮನೆಯ ಸಾಲ, ಯಜಮಾನರ ಆರೋಗ್ಯ ಇವು ನಿಜವಾದ ಕಷ್ಟಗಳೇ ಆಗಿದ್ದರೂ ಪತ್ರದಲ್ಲಿ ಬರಬಾರದು, ಏಕೆಂದರೆ ಅವನ ಮನೆಯಲ್ಲೂ ಅವೇ ಕಷ್ಟಗಳಿವೆ.

ಖರ್ಚಿನ ಕಾರಣಗಳಲ್ಲೂ ಆರಿಸಿಕೊಳ್ಳಬೇಕು. ಎಲ್ಲರೂ ಮೊದಲು ಬರೆಯುವುದು ಎಣ್ಣೆ ಮತ್ತು ಗ್ಯಾಸ್, ಆದರೆ ಅವೆರಡೂ ನಿಮ್ಮನ್ನು ಕೈಬಿಡುವ ಕಾರಣಗಳು. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಶೂನ್ಯದಿಂದ ಶೇಕಡಾ 20ಕ್ಕೆ ಏರಿಸಿತು, ಎಣ್ಣೆ ತುಟ್ಟಿಯಾಯಿತು, ಅದನ್ನೇ ಕಾರಣವಾಗಿಟ್ಟು ಹಲವರು ದರ ಏರಿಸಿದರು. 2025ರ ಮೇ ಕೊನೆಯಲ್ಲಿ ಅದೇ ಸುಂಕ ಶೇಕಡಾ 10ಕ್ಕೆ ಇಳಿಯಿತು, ಪೇಪರಿನಲ್ಲಿ ಸುದ್ದಿ ಓದಿದ ಗಿರಾಕಿಗಳು ‘ಈಗ ಇಳಿಸಿ’ ಎಂದು ಕೇಳತೊಡಗಿದರು. ಕಮರ್ಷಿಯಲ್ ಸಿಲಿಂಡರಿನ ದರ ಸಾಮಾನ್ಯವಾಗಿ ಪ್ರತಿ ತಿಂಗಳ ಒಂದನೇ ತಾರೀಕು ಏರುತ್ತಲೋ ಇಳಿಯುತ್ತಲೋ ಇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆಯ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದದ್ದೂ ನಿಮ್ಮ ಗಿರಾಕಿಗಳಿಗೆ ಗೊತ್ತಿದೆ. ಇಳಿಯಬಹುದಾದ ವಸ್ತುವಿನ ಮೇಲೆ ಕಾರಣವನ್ನು ನಿಲ್ಲಿಸಿದರೆ, ಅದು ಇಳಿದ ದಿನ ನಿಮ್ಮ ದರವೂ ಇಳಿಯಬೇಕಾಗುತ್ತದೆ.

ನಿಮ್ಮ ಪಟ್ಟಿಯಲ್ಲೇ ಹಿಂದಿರುಗದ ಕಾರಣವೊಂದಿದೆ. ಮೂರು ವರ್ಷದ ಹಿಂದೆ ಸಹಾಯಕಿಗೆ ನೀವು ಕೊಡುತ್ತಿದ್ದದ್ದು 8,000, ಈಗ 12,000. ಸಂಬಳ ಏರಿದರೆ ಇಳಿಯುವುದಿಲ್ಲ ಎಂಬುದು ಸಂಬಳ ಪಡೆಯುವ ನಿಮ್ಮ ಗಿರಾಕಿಗಳಿಗೆ ಯಾರೂ ವಿವರಿಸಬೇಕಾಗಿಲ್ಲ. ದಿನವೂ ಬಾಗಿಲಿಗೆ ಬರುವ ಹುಡುಗನ ಮುಖ ಅವರಿಗೆ ಪರಿಚಿತ, ಅವನಿಗೂ ಸಂಬಳ ಹೆಚ್ಚಿಸಬೇಕಾಯಿತು ಎಂದರೆ ಅದು ಅವರಿಗೆ ಕಾಣುವ ಕಾರಣ. ಇದನ್ನು ಮೊದಲಿಗೆ ಇಡಿ, ಬೇಳೆ ತರಕಾರಿಯ ಮಾತು ಒಂದು ವಾಕ್ಯದಲ್ಲಿ ಇರಲಿ, ಎಣ್ಣೆ ಮತ್ತು ಗ್ಯಾಸನ್ನು ಬಿಟ್ಟೇ ಬಿಡಿ. ಮೂರು ವರ್ಷದಿಂದ ದರ ಏರಿಸಿಲ್ಲ ಎಂಬುದನ್ನು ಒಮ್ಮೆ ಹೇಳಿದರೆ ಸಾಕು, ಎರಡನೆಯ ಸಲ ಹೇಳಿದರೆ ಅದು ಉಪಕಾರ ಸ್ಮರಣೆ ಮಾಡಿಸಿದಂತೆ ಕೇಳಿಸುತ್ತದೆ.

ಅವಧಿಯ ವಿಷಯದಲ್ಲಿ ನನ್ನ ಸಲಹೆ ಇದು: ತಿಳಿಸಿದ ದಿನಕ್ಕೂ ಜಾರಿಯಾಗುವ ದಿನಕ್ಕೂ ನಡುವೆ ಒಂದು ಪೂರ್ಣ ಬಿಲ್ಲು ಹಳೆಯ ದರದಲ್ಲೇ ಬರಬೇಕು. ಜನವರಿ 10ರ ಸುಮಾರಿಗೆ ತಿಳಿಸಿ, ಫೆಬ್ರವರಿಯ ಬಿಲ್ಲು 2,600ಕ್ಕೇ ಕೊಡಿ, ಮಾರ್ಚ್ 1ರಿಂದ ಹೊಸ ದರ. ಬಿಲ್ಲಿನ ಜೊತೆಯಲ್ಲಿ ಪತ್ರ ಕೊಡಬೇಡಿ. ತಿಂಗಳ ಮೊದಲ ವಾರದಲ್ಲಿ ಎಲ್ಲ ಖರ್ಚುಗಳೂ ಒಟ್ಟಿಗೆ ಮೈಮೇಲೆ ಬಂದಿರುವಾಗ ಯಾವ ಏರಿಕೆಯೂ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮೇ ತಿಂಗಳಲ್ಲಾಗಲಿ ಗಣೇಶ ಚತುರ್ಥಿಯ ಸುತ್ತಮುತ್ತಲಾಗಲಿ ಬದಲಾವಣೆ ಇಟ್ಟುಕೊಳ್ಳಬಾರದು. ಆಗ ಅರ್ಧ ಜನ ಊರಿಗೆ ಹೋಗಿ ಡಬ್ಬಾ ನಿಲ್ಲಿಸಿರುತ್ತಾರೆ, ನಿಲ್ಲಿಸಿದವರು ಹೊಸ ದರ ಕೇಳಿ ಮತ್ತೆ ಆರಂಭಿಸದೇ ಇರುವುದು ಬಹಳ ಸುಲಭ, ಅವರು ದರಕ್ಕಾಗಿ ಬಿಟ್ಟರೋ ರಜೆಯಲ್ಲಿದ್ದಾರೋ ಎಂಬುದು ನಿಮಗೂ ತಿಳಿಯುವುದಿಲ್ಲ.

ಈ ಅವಧಿಗೆ ಬೆಲೆಯಿದೆ ಎಂಬುದನ್ನು ಮರೆಯದಿರಿ. 60 ಜನರಿಗೆ ಒಂದು ತಿಂಗಳು ಹಳೆಯ ದರವೆಂದರೆ 23,400 ರೂಪಾಯಿಯನ್ನು ಬಿಟ್ಟುಕೊಟ್ಟಂತೆ. ಅದಕ್ಕಾಗಿಯೇ ಎರಡು ಮೂರು ತಿಂಗಳ ಮುಂಚೆ ಹೇಳುವುದನ್ನು ನಾನು ಒಪ್ಪುವುದಿಲ್ಲ. ಖರ್ಚು ಹೆಚ್ಚಾಗುವುದಲ್ಲದೆ, ಜನವರಿಯಲ್ಲಿ ಹೇಳಿದ್ದು ಏಪ್ರಿಲ್‌ಗೆ ಮರೆತು ಹೋಗಿ ಬಿಲ್ಲು ಬಂದಾಗ ಹೊಸದಾಗಿ ಹೇಳಿದಂತೆಯೇ ಆಗುತ್ತದೆ. ಮುಂಗಡ ಕೊಟ್ಟ 14 ಜನರಿಗೆ ಮಾರ್ಚ್ 31ರವರೆಗೆ ಹಳೆಯ ದರವೇ ನಡೆಯಬೇಕು. ಹಣ ಪಡೆದು ಒಪ್ಪಿಕೊಂಡ ದರವನ್ನು ಮಧ್ಯದಲ್ಲಿ ಬದಲಿಸಲು ನಿಮಗೆ ಹಕ್ಕಿಲ್ಲ, ‘ವ್ಯತ್ಯಾಸ ಕೊಡಿ’ ಎಂದು ಕೇಳುವುದೂ ಸಲ್ಲದು. ಇದರ ಖರ್ಚು 5,460 ರೂಪಾಯಿ, ಒಂದೇ ತಿಂಗಳದ್ದು. ಆದರೆ ಪತ್ರ ತಲುಪಿದ ಮೇಲೆ ಕೆಲವು ಜಾಣರು ‘ಆರು ತಿಂಗಳ ಹಣ ಈಗಲೇ ಕೊಡುತ್ತೇನೆ, ಹಳೆಯ ದರ ಹಾಕಿ’ ಎನ್ನುತ್ತಾರೆ. ಒಟ್ಟಿಗೆ ಬರುವ ಹಣ ಕಂಡು ಒಪ್ಪಿಬಿಡಬೇಡಿ, ಫೆಬ್ರವರಿಯ ಆಚೆಗೆ ಹೊಸ ಮುಂಗಡವನ್ನು ಹಳೆಯ ದರದಲ್ಲಿ ತೆಗೆದುಕೊಳ್ಳಬೇಡಿ. ಪತ್ರ ಕೊಟ್ಟ ದಿನದಿಂದ ಹೊಸದಾಗಿ ವಿಚಾರಿಸುವವರಿಗೆ ಹೊಸ ದರವನ್ನೇ ಹೇಳಿ. ಹಳೆಯ ಗಿರಾಕಿಗಳಿಗೆ ಕಾಯಂ ಹಳೆಯ ದರ, ಹೊಸಬರಿಗೆ ಮಾತ್ರ ಹೊಸ ದರ ಎಂಬ ಏರ್ಪಾಡು ನಿಮ್ಮಂತೆ ಒಂದೇ ಸೊಸೈಟಿಯಲ್ಲಿ ಇಪ್ಪತ್ತು ಡಬ್ಬಾ ಕೊಡುವವರಿಗೆ ನಡೆಯುವುದಿಲ್ಲ, ಅದು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ವಾರದಲ್ಲಿ ಬಯಲಾಗುತ್ತದೆ.

ವಯಸ್ಸಾದವರ ನಾಲ್ಕು ಮನೆಗಳಿಗೆ ರಿಯಾಯಿತಿ ಕೊಡಬೇಕೆನ್ನುವ ನಿಮ್ಮ ಮನಸ್ಸು ಅರ್ಥವಾಗುತ್ತದೆ. 107ರ ದರ ಕೊಟ್ಟರೆ ತಿಂಗಳಿಗೆ 832 ರೂಪಾಯಿ ಹೋಗುತ್ತದೆ, ಅದನ್ನು ನಿಮ್ಮ ಲೆಕ್ಕ ತಾಳುತ್ತದೆ. ಆದರೆ ಅದು ‘ವೃದ್ಧರು ಮಾತ್ರ ಇರುವ ಮನೆಗೆ’ ಎಂಬ ನಿಯಮವಾಗಿರಲಿ, ಪರಿಚಯದ ಮೇಲೆ ಕೊಟ್ಟ ಸಲುಗೆಯಾಗಬಾರದು. ಹಾಗೆ ಕೊಟ್ಟ ಒಂದು ಸಲುಗೆಯನ್ನು ಕೇಳಿದವರಿಗೆಲ್ಲ ಕೊಡಬೇಕಾಗುತ್ತದೆ.

ತಿಳಿಸುವ ಕ್ರಮಕ್ಕೂ ಸ್ವಲ್ಪ ಗಮನ ಬೇಕು. ಪತ್ರ ಹಂಚುವ ದಿನ ಬೆಳಿಗ್ಗೆ, ವೃದ್ಧರ ಮನೆಗಳಿಗೂ ಎರಡು ಮೂರು ಡಬ್ಬಾ ತೆಗೆದುಕೊಳ್ಳುವ ಮನೆಗಳಿಗೂ ನೀವೇ ಫೋನ್ ಮಾಡಿ ಹೇಳಿ. ಉಳಿದವರಿಗೆ ಮುದ್ರಿಸಿದ ಚೀಟಿ, ಅದೇ ಮಧ್ಯಾಹ್ನ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ವಾಟ್ಸ್ಆ್ಯಪ್. ಗ್ರೂಪಿನಲ್ಲಿ ಹಾಕಿದರೆ ಮೊದಲು ಉತ್ತರಿಸಿದವನ ಧಾಟಿಯಲ್ಲೇ ಉಳಿದವರೂ ಉತ್ತರಿಸುತ್ತಾರೆ. ಚೀಟಿಯನ್ನು ಡಬ್ಬಾದೊಳಗೆ ಇಡಬೇಡಿ, ಎಣ್ಣೆ ಹತ್ತಿ ಅಕ್ಷರ ಅಳಿಸಿ ಹೋಗುತ್ತದೆ, ಹೊರಗಿನ ಚೀಲದಲ್ಲಿ ಇಡಿ. ಕೊಡುವ ಹುಡುಗನಿಗೆ ‘ನನಗೆ ಗೊತ್ತಿಲ್ಲ, ಅಕ್ಕನಿಗೆ ಫೋನ್ ಮಾಡಿ’ ಎಂದಷ್ಟೇ ಹೇಳಲು ಕಲಿಸಿ. ನಿಮ್ಮ ಗಿರಾಕಿಗಳಲ್ಲಿ ಮರಾಠಿ, ಗುಜರಾತಿಯವರೂ ಇರುವುದರಿಂದ ಚೀಟಿ ಮರಾಠಿ, ಹಿಂದಿ ಮತ್ತು ಕನ್ನಡದಲ್ಲಿ ಇರಲಿ. ಒಕ್ಕಣೆ ಹೀಗಿರಬಹುದು:

‘ನಮಸ್ಕಾರ. ಮಾರ್ಚ್ 1ರಿಂದ ನಮ್ಮ ಮಧ್ಯಾಹ್ನದ ಡಬ್ಬಾದ ದರ ತಿಂಗಳಿಗೆ 2,600 ರೂಪಾಯಿಯ ಬದಲು 2,990 ರೂಪಾಯಿ ಆಗಲಿದೆ, ಅಂದರೆ ಒಂದು ಡಬ್ಬಾಕ್ಕೆ 15 ರೂಪಾಯಿ ಹೆಚ್ಚು. ಫೆಬ್ರವರಿಗೆ ಹಳೆಯ ದರವೇ ಇರುತ್ತದೆ. ಮಾರ್ಚ್‌ವರೆಗಿನ ಹಣ ಕೊಟ್ಟಿರುವವರಿಗೆ ಮಾರ್ಚ್ 31ರವರೆಗೆ ಏನೂ ಬದಲಾಗುವುದಿಲ್ಲ.

ಮೂರು ವರ್ಷಗಳಲ್ಲಿ ನಮ್ಮ ಜೊತೆ ಅಡುಗೆ ಮಾಡುವವರ ಮತ್ತು ನಿಮ್ಮ ಮನೆಗೆ ಡಬ್ಬಾ ತರುವವರ ಸಂಬಳ ಹೆಚ್ಚಾಗಿದೆ, ಬೇಳೆ ತರಕಾರಿಯ ಖರ್ಚೂ ಹೆಚ್ಚಾಗಿದೆ. ಊಟದ ಪ್ರಮಾಣವನ್ನು ಕಡಿಮೆ ಮಾಡಲು ನಮಗೆ ಇಷ್ಟವಿಲ್ಲ. ನಾಲ್ಕು ಚಪಾತಿ, ಎರಡು ಪಲ್ಯ, ಅನ್ನ, ಸಾರು, ಮೊಸರು ಈಗಿನಂತೆಯೇ ಇರುತ್ತವೆ.

2,600 ರೂಪಾಯಿಯಲ್ಲೇ ಮುಂದುವರಿಯಬೇಕೆನ್ನುವವರಿಗೆ ಚಿಕ್ಕ ಡಬ್ಬಾ ಇದೆ: ಮೂರು ಚಪಾತಿ, ಎರಡು ಪಲ್ಯ, ಸ್ವಲ್ಪ ಅನ್ನ, ಸಾರು. ಯಾವುದು ಬೇಕೆಂದು ಫೆಬ್ರವರಿ 25ರೊಳಗೆ ತಿಳಿಸಿ. ವೃದ್ಧರು ಮಾತ್ರ ಇರುವ ಮನೆಗಳಿಗೆ ದರ 2,782.

ತಿಂಗಳ ಖರ್ಚಿನಲ್ಲಿ 390 ರೂಪಾಯಿ ಸಣ್ಣ ಮೊತ್ತವಲ್ಲ ಎಂಬುದು ನಮಗೆ ಗೊತ್ತು. ಮಾತಾಡಬೇಕೆನಿಸಿದರೆ ಮಧ್ಯಾಹ್ನ 3ರ ನಂತರ ಫೋನ್ ಮಾಡಿ. ಮುಂದಿನ ವರ್ಷದ ಫೆಬ್ರವರಿಯವರೆಗೆ ಮತ್ತೆ ದರ ಹೆಚ್ಚಿಸುವುದಿಲ್ಲ.’

ಮೊದಲ ವಾಕ್ಯದಲ್ಲೇ ತಾರೀಕು, ಹಳೆಯ ದರ, ಹೊಸ ದರ ಮೂರೂ ಬಂದಿರುವುದನ್ನು ಗಮನಿಸಿ. 2025ರ ಫೆಬ್ರವರಿ 1ರಿಂದ ನಮ್ಮ ಕಡೆ ರಿಕ್ಷಾದ ಕನಿಷ್ಠ ದರ 23ರಿಂದ 26 ಆದಾಗ ಜನ ಗೊಣಗಿದರೂ ಬೇಗ ಹೊಂದಿಕೊಂಡರು, ಏಕೆಂದರೆ ಎಂದಿನಿಂದ, ಎಷ್ಟರಿಂದ ಎಷ್ಟಕ್ಕೆ ಎಂಬುದರಲ್ಲಿ ಗೊಂದಲವಿರಲಿಲ್ಲ. ‘ಪ್ರಿಯ ಗ್ರಾಹಕರೇ, ನಿಮ್ಮ ಸಹಕಾರಕ್ಕೆ ಚಿರಋಣಿ’ ಎಂದು ಆರಂಭವಾಗಿ ಅಂಕಿ ಕೊನೆಯ ಸಾಲಿನಲ್ಲಿ ಬರುವ ಪತ್ರವನ್ನು ಓದುವವನು ಮೊದಲ ಸಾಲಿನಲ್ಲೇ ಏನೋ ಬಚ್ಚಿಟ್ಟಿದ್ದಾರೆ ಎಂದು ಊಹಿಸುತ್ತಾನೆ. ಪತ್ರದಲ್ಲಿ ‘ಕ್ಷಮಿಸಿ’ ಎಂಬ ಮಾತೂ ಇಲ್ಲ. ಅವನ ಹೊರೆಯನ್ನು ಅಂಕಿಯಲ್ಲೇ ಒಪ್ಪಿಕೊಂಡಿದ್ದೇವೆ, ಅದು ಕ್ಷಮೆಗಿಂತ ಹೆಚ್ಚು ಗೌರವದ ಮಾತು.

ಫೋನ್ ಬರುತ್ತದೆ. ‘ತಾಈ, ಪರವಡತ ನಾಹಿ’, ಅಂದರೆ ‘ಅಕ್ಕಾ, ಇದು ನಮ್ಮ ಕೈಗೆಟುಕುವುದಿಲ್ಲ’ ಎನ್ನುವವರೊಡನೆ ಲೆಕ್ಕ ಒಪ್ಪಿಸಲು ಹೋಗಬೇಡಿ, ಚಿಕ್ಕ ಡಬ್ಬಾದ ವಿಷಯ ನೆನಪಿಸಿ, ಒಂದು ವಾರ ತಿಂದು ನೋಡಿ ಎಂದು ಹೇಳಿ. ‘ಪಕ್ಕದವರು 90ಕ್ಕೆ ಕೊಡುತ್ತಾರೆ’ ಎನ್ನುವವರಿಗೆ ಪಕ್ಕದವರ ಊಟದ ಬಗ್ಗೆ ಒಂದು ಮಾತನ್ನೂ ಆಡದೆ, ಫೆಬ್ರವರಿ ಪೂರ್ತಿ ಹಳೆಯ ದರವಿರುವುದರಿಂದ ನಿಧಾನವಾಗಿ ವಿಚಾರಿಸಿ ನಿರ್ಧರಿಸಿ ಎನ್ನಿ. ‘ಮೂರು ವರ್ಷದ ಗಿರಾಕಿ ನಾನು, ನನಗೊಬ್ಬನಿಗೆ ಹಳೆಯ ದರ ಇರಲಿ’ ಎನ್ನುವವರಿಗೆ, ನಿಮ್ಮ ಪಕ್ಕದ ಮನೆಯವರೂ ಮೂರು ವರ್ಷದವರೇ, ಇಬ್ಬರಿಗೂ ಒಂದೇ ದರ ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಿ. ನಮ್ಮ ಊರಿನವರಿಗೆ ಇದು ಕಷ್ಟ, ಊರಿನ ಪರಿಚಯ ಹೇಳಿಕೊಂಡು ಬಂದವರಿಗೆ ಇಲ್ಲವೆನ್ನಲು ನಾಲಿಗೆ ಏಳುವುದಿಲ್ಲ. ಆದರೂ ಹೇಳಬೇಕು.

ಏಪ್ರಿಲ್ ಕೊನೆಯವರೆಗೆ ಒಂದು ನೋಟ್‌ಬುಕ್ಕಿನಲ್ಲಿ ಯಾರು ಬಿಟ್ಟರು, ಏನು ಕಾರಣ ಹೇಳಿದರು, ಯಾರು ಚಿಕ್ಕದಕ್ಕೆ ಬದಲಿಸಿದರು ಎಂದು ಬರೆದಿಡಿ. ‘ಊರಿಗೆ ಹೋಗುತ್ತೇವೆ, ಬಂದ ಮೇಲೆ ಹೇಳುತ್ತೇವೆ’ ಎಂದು ಮಾರ್ಚ್‌ನಲ್ಲೇ ನಿಲ್ಲಿಸಿದವರನ್ನು ಬಿಟ್ಟವರ ಲೆಕ್ಕದಲ್ಲೇ ಹಿಡಿಯಿರಿ. ಬಿಟ್ಟವರು ಹತ್ತರ ಒಳಗಿದ್ದರೆ ಚಿಂತೆ ಬೇಡ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಚಿಕ್ಕ ಡಬ್ಬಾಕ್ಕೆ ಹೋದರೆ ನಿಮ್ಮ ಬಡಾವಣೆಯ ತಾಕತ್ತು 115ಕ್ಕೆ ಸಾಲದು ಎಂದರ್ಥ. ಆಗ ಮುಂದಿನ ಏರಿಕೆಯನ್ನು ದೊಡ್ಡ ಡಬ್ಬಾದ ಮೇಲೆ ಹಾಕಬೇಡಿ, ಚಿಕ್ಕದನ್ನೇ ಮುಖ್ಯವಾಗಿಟ್ಟು ಅಸಲನ್ನು ಅದರ ಸುತ್ತ ಹೊಂದಿಸಿ. ಇದೆಲ್ಲಕ್ಕಿಂತ ಗಂಭೀರ ಸೂಚನೆಯೆಂದರೆ ಹೊಸ ವಿಚಾರಣೆ ನಿಂತುಹೋಗುವುದು. ಹಳಬರು ಅಭ್ಯಾಸದಿಂದ ಉಳಿಯುತ್ತಾರೆ, ಹೊಸಬರು ಮಾತ್ರ ದರವನ್ನು ಇದ್ದ ಹಾಗೆ ತೂಗುತ್ತಾರೆ.

ಬಿಟ್ಟು ಹೋದವರಲ್ಲಿ ಕೆಲವರು ಬೇರೆ ಡಬ್ಬಾ ತಿಂದು ನೋಡಿ ಮೇ ಅಥವಾ ಜೂನ್‌ನಲ್ಲಿ ಮರಳಿ ಬರುತ್ತಾರೆ. ಏನೂ ಆಗದವರಂತೆ ಹೊಸ ದರದಲ್ಲಿ ಸೇರಿಸಿಕೊಳ್ಳಿ, ಹಳೆಯ ದರದ ಆಸೆ ತೋರಿಸಿ ಕರೆತರಬೇಡಿ. ಪತ್ರದಲ್ಲಿ ಕೊಟ್ಟ ಒಂದು ವರ್ಷದ ಮಾತನ್ನು 115ರ ದರ ತಾಳುತ್ತದೆಯೇ ಎಂಬುದನ್ನೂ ನೋಡಿದ್ದೇನೆ: ವರ್ಷದೊಳಗೆ ಅಸಲು ಇನ್ನೂ 5 ರೂಪಾಯಿ ಏರಿದರೂ 54 ಜನರಿಂದ ನಿಮಗೆ ತಿಂಗಳಿಗೆ 19,000 ಉಳಿಯುತ್ತದೆ. ಮುಂದಿನ ಡಿಸೆಂಬರ್‌ನಲ್ಲಿ ಇದೇ ಪಟ್ಟಿಯನ್ನು ಮತ್ತೆ ಬರೆಯಿರಿ. ಮೂರು ವರ್ಷದ ಏರಿಕೆಯನ್ನು ಒಟ್ಟಿಗೆ 15 ರೂಪಾಯಿಯಾಗಿ ಹೇಳುವುದರ ಬದಲು ಆಗ ಐದೋ ಆರೋ ರೂಪಾಯಿಯನ್ನು ನಾಲ್ಕು ಸಾಲಿನ ಚೀಟಿಯಲ್ಲಿ ಹೇಳಿ ಮುಗಿಸಬಹುದು.